ಹಣ ಮೊದಲು, ಸಹಿ ಆಮೇಲೆ: ದುಬೈ ಕೆಲಸ ಬಿಡುವವರ ರಾಜೀನಾಮೆ ಪತ್ರ

ಜೆ.ಪಿ. ನಗರದ ಕಂಪನಿಯೊಂದರಲ್ಲಿ ದುಡಿಯುವವರು ರಾಜೀನಾಮೆ ಕೊಟ್ಟರೆ ಹೋಗುವುದು ಕೆಲಸ ಮಾತ್ರ. ಮನೆ ಇರುತ್ತದೆ, ಬ್ಯಾಂಕ್ ಖಾತೆ ನಡೆಯುತ್ತದೆ, ಬಾಕಿ ಬರದಿದ್ದರೆ ಆರು ತಿಂಗಳು ಕಳೆದ ಮೇಲೂ ಕಚೇರಿಯ ಬಾಗಿಲಿಗೆ ಹೋಗಿ ಕೇಳಬಹುದು. ಇದೇ ಬಡಾವಣೆಯಿಂದ ದುಬೈಗೆ ಹೋಗಿ ಕಂಪನಿ ಕೊಟ್ಟ ವೀಸಾದ ಮೇಲೆ ದುಡಿಯುವವರ ಸ್ಥಿತಿ ಬೇರೆ. ಅಲ್ಲಿ ಕೆಲಸದ ಜೊತೆಗೇ ವಾಸದ ಹಕ್ಕೂ ಮುಗಿಯುತ್ತದೆ. ಅವರ ಹೆಸರಿನಲ್ಲಿ ಪಡೆದ ಹೆಂಡತಿ ಮಕ್ಕಳ ವೀಸಾ ಕೂಡ ಅದಕ್ಕೇ ಅಂಟಿಕೊಂಡಿರುತ್ತದೆ. ಹೀಗಿದ್ದೂ ಅಲ್ಲಿಂದ ಹೊರಡುವವರು ಬರೆಯುವ ಪತ್ರದಲ್ಲಿ ಸಾಮಾನ್ಯವಾಗಿ ಇರುವುದು ಎರಡೇ ಮಾತು: ವೈಯಕ್ತಿಕ ಕಾರಣಕ್ಕೆ ಕೆಲಸ ಬಿಡುತ್ತಿದ್ದೇನೆ, ಇಷ್ಟು ವರ್ಷ ಅವಕಾಶ ಕೊಟ್ಟಿದ್ದಕ್ಕೆ ಧನ್ಯವಾದ. ಇದು ಸಾಲದು. ಪ್ರಾಯೋಜಿತ ವೀಸಾದಲ್ಲಿರುವವರ ರಾಜೀನಾಮೆ ಪತ್ರದಲ್ಲಿ ಕೊನೆಯ ಕೆಲಸದ ದಿನ, ಬಾಕಿ ಕೈಸೇರುವ ದಿನ, ವೀಸಾ ರದ್ದತಿಯ ದಿನ ಈ ಮೂರೂ ಬೇರೆಬೇರೆಯಾಗಿ, ಇದೇ ಕ್ರಮದಲ್ಲಿ ಇರಲೇಬೇಕು.

ಕಾನೂನು ಈ ವಿಷಯದಲ್ಲಿ ನೌಕರರ ಪರವಾಗಿಯೇ ಇದೆ. ಯುಎಇಯ 2021ರ 33ನೇ ಕಾರ್ಮಿಕ ಕಾನೂನು 2022ರ ಫೆಬ್ರುವರಿ 2ರಿಂದ ಜಾರಿಯಲ್ಲಿದೆ. ಅದರಂತೆ ನೋಟಿಸ್ ಅವಧಿ 30 ದಿನಕ್ಕಿಂತ ಕಡಿಮೆ ಇರುವಂತಿಲ್ಲ, 90 ದಿನ ಮೀರುವಂತಿಲ್ಲ, ಆ ಅವಧಿಗೆ ಪೂರ್ತಿ ಸಂಬಳ ಕೊಡಬೇಕು. ಒಪ್ಪಂದ ಮುಗಿದ 14 ದಿನಗಳೊಳಗೆ ಎಲ್ಲ ಬಾಕಿಯೂ ಪಾವತಿಯಾಗಬೇಕು. ಒಂದು ವರ್ಷ ಸೇವೆ ಮುಗಿಸಿದ ವಿದೇಶಿ ನೌಕರರಿಗೆ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ, ನಂತರದ ವರ್ಷಗಳಿಗೆ 30 ದಿನದ ಮೂಲವೇತನ ಗ್ರಾಚ್ಯುಟಿಯಾಗಿ ಸಲ್ಲಬೇಕು. ಹಳೆಯ ಕಾನೂನಿನಲ್ಲಿ ತಾವಾಗಿ ರಾಜೀನಾಮೆ ಕೊಟ್ಟವರ ಗ್ರಾಚ್ಯುಟಿಗೆ ಕತ್ತರಿ ಬೀಳುತ್ತಿತ್ತು, ಈಗ ಹಾಗಿಲ್ಲ. ಆದರೆ ದುಬೈ ಮತ್ತು ಅಬುಧಾಬಿಯ ಎರಡು ಹಣಕಾಸು ವಲಯಗಳಾದ ಡಿಐಎಫ್‌ಸಿ ಮತ್ತು ಎಡಿಜಿಎಂನಲ್ಲಿರುವ ಕಂಪನಿಗಳಿಗೆ ಪ್ರತ್ಯೇಕ ನಿಯಮಗಳಿವೆ. ಮನೆಗೆಲಸದವರಿಗೂ ಬೇರೆಯೇ ಕಾನೂನಿದೆ. ಹಾಗಾಗಿ ಪತ್ರಕ್ಕೆ ಕೈ ಹಾಕುವ ಮೊದಲು ತಮ್ಮ ಒಪ್ಪಂದ ಯಾವ ಕಾನೂನಿನಡಿ ಬರುತ್ತದೆ ಎಂದು ನೋಡಿಕೊಳ್ಳಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ಆರು ವರ್ಷ ಪೂರೈಸಿದ ನೌಕರರೊಬ್ಬರ ತಿಂಗಳ ಸಂಬಳ 10,000 ದಿರ್ಹಮ್, ಅದರಲ್ಲಿ ಮೂಲವೇತನ 6,000 ಎಂದುಕೊಳ್ಳಿ. ಗ್ರಾಚ್ಯುಟಿ ಮೂಲವೇತನದ ಮೇಲೆ ಮಾತ್ರ ಸಿಗುತ್ತದೆ. ಊರಲ್ಲಿ ಕುಳಿತು ಪೂರ್ತಿ ಸಂಬಳದ ಮೇಲೆ ಗುಣಿಸಿಕೊಂಡ ಮನೆಯವರಿಗೆ ನಿರಾಸೆಯಾಗುವುದು ಇಲ್ಲಿಯೇ. ದಿನದ ಮೂಲವೇತನ 200 ದಿರ್ಹಮ್. ಮೊದಲ ಐದು ವರ್ಷಗಳಿಗೆ 105 ದಿನದ ಲೆಕ್ಕದಲ್ಲಿ 21,000, ಆರನೇ ವರ್ಷಕ್ಕೆ 6,000, ಒಟ್ಟು 27,000. ಬಳಸದ 12 ದಿನದ ರಜೆಗೆ ಅದೇ ದರದಲ್ಲಿ 2,400. ಕೊನೆಯ ತಿಂಗಳ ಸಂಬಳ 10,000 ಸೇರಿದರೆ 39,400 ದಿರ್ಹಮ್. ಕೆಲಸಕ್ಕೆ ಸೇರಿಸಿಕೊಳ್ಳಲು ತಗುಲಿದ ವೀಸಾ ಖರ್ಚನ್ನು ಇದರಲ್ಲಿ ಮುರಿದುಕೊಳ್ಳಲು ಬರುವುದಿಲ್ಲ, ನೇಮಕಾತಿಯ ಖರ್ಚನ್ನು ನೌಕರರ ಮೇಲೆ ಹೇರುವುದನ್ನು ಅದೇ ಕಾನೂನು ನಿಷೇಧಿಸಿದೆ. ಲೆಕ್ಕಪತ್ರದಲ್ಲಿ ಅಂಥ ಕಡಿತ ಕಂಡರೆ ಅಲ್ಲಿಯೇ ಬರಹದಲ್ಲಿ ಪ್ರಶ್ನಿಸಬೇಕು.

ಇಷ್ಟೆಲ್ಲ ರಕ್ಷಣೆ ಇದ್ದೂ ಎಡವುವುದು ಒಂದೇ ಕಡೆ. ಕೆಲಸದ ಪರವಾನಗಿ ರದ್ದುಮಾಡುವ ಅರ್ಜಿಗೆ ನೌಕರರ ಸಹಿ ಬೇಕು, ಆ ಅರ್ಜಿಯಲ್ಲಿ ತನಗೆ ಬರಬೇಕಾದದ್ದೆಲ್ಲ ಬಂದಿದೆ ಎಂಬ ಒಕ್ಕಣೆ ಇರುತ್ತದೆ. ‘ಮೊದಲು ಸಹಿ ಹಾಕಿ, ರದ್ದಾದ ವಾರದಲ್ಲಿ ಹಣ ಹಾಕುತ್ತೇವೆ’ ಎಂದು ಕಚೇರಿ ಹೇಳುತ್ತದೆ. ಊರಿಗೆ ಹೊರಡುವ ಅವಸರದಲ್ಲಿ ಸಹಿ ಬೀಳುತ್ತದೆ. ಆ ಗಳಿಗೆಯಿಂದ ಬಾಕಿ ಇದೆ ಎಂದು ಸಾಬೀತುಪಡಿಸುವ ಹೊರೆ ನೌಕರರ ಹೆಗಲೇರುತ್ತದೆ. ಜೊತೆಗೆ ದೇಶ ಬಿಡಬೇಕಾದ ದಿನಗಣನೆಯೂ ಶುರುವಾಗುತ್ತದೆ. ರದ್ದಾದ ಮೇಲೆ ಎಷ್ಟು ದಿನ ಇರಬಹುದು ಎನ್ನುವುದು ವೀಸಾದ ವರ್ಗವನ್ನು ಅವಲಂಬಿಸಿದೆ. ಆ ಗಡುವು ದಾಟಿದರೆ ದಿನಕ್ಕೆ 50 ದಿರ್ಹಮ್ ದಂಡ. ಹಾಗಾಗಿ ಪತ್ರದಲ್ಲಿ ಹೀಗೆ ಸರಳವಾಗಿ ಬರೆಯಬೇಕು: ‘ಮಾರ್ಚ್ 1ರ ಈ ಪತ್ರದ ಮೂಲಕ ಒಪ್ಪಂದದ ಪ್ರಕಾರ 30 ದಿನಗಳ ನೋಟಿಸ್ ನೀಡುತ್ತಿದ್ದೇನೆ. ನನ್ನ ಕೊನೆಯ ಕೆಲಸದ ದಿನ ಮಾರ್ಚ್ 31. ಸಂಬಳ, ರಜೆ ಮತ್ತು ಗ್ರಾಚ್ಯುಟಿಯ ಲೆಕ್ಕವನ್ನು ಮಾರ್ಚ್ 20ರೊಳಗೆ ಬರಹದಲ್ಲಿ ಕೊಡಿ. ಏಪ್ರಿಲ್ 14ರೊಳಗೆ ಹಣ ಪಾವತಿಯಾಗಬೇಕು. ಹಣ ಖಾತೆಗೆ ಜಮೆಯಾದ ದಿನವೇ ರದ್ದತಿ ಅರ್ಜಿಗೆ ಸಹಿ ಹಾಕುತ್ತೇನೆ.’ ಇದನ್ನು ಕಚೇರಿಯ ಇ–ಮೇಲ್‌ಗೆ ಕಳಿಸಿ, ಪ್ರತಿಯನ್ನು ಸ್ವಂತ ಇ–ಮೇಲ್‌ನಲ್ಲಿ ಇಟ್ಟುಕೊಳ್ಳಬೇಕು. ಕೆಲಸ ಬಿಟ್ಟ ದಿನವೇ ಕಚೇರಿಯ ಖಾತೆ ಬಂದ್ ಆಗುತ್ತದೆ.

ಇದಕ್ಕೆ ಕಂಪನಿಗಳ ಕಡೆಯಿಂದ ಒಂದು ನ್ಯಾಯವಾದ ಆಕ್ಷೇಪವಿದೆ. ಹಣ ಪಡೆದ ನೌಕರ ರದ್ದತಿಗೆ ಸಹಿ ಹಾಕದೆ ಉಳಿದುಬಿಟ್ಟರೆ ವೀಸಾದ ಹೊಣೆ ಕಂಪನಿಯ ಮೇಲೆಯೇ ಉಳಿಯುತ್ತದೆ. ಈ ಆತಂಕ ಸುಳ್ಳಲ್ಲ. ಆದರೆ ಅದಕ್ಕೆ ಪರಿಹಾರ ಖಾಲಿ ಕೈಯಲ್ಲಿ ಸಹಿ ಹಾಕಿಸಿಕೊಳ್ಳುವುದಲ್ಲ. ಒಂದೇ ದಿನ, ಒಂದೇ ಮೇಜಿನ ಮೇಲೆ ಹಣ ವರ್ಗಾವಣೆಯ ದಾಖಲೆ ಮತ್ತು ಸಹಿ ಎರಡೂ ನಡೆದರೆ ಇಬ್ಬರಿಗೂ ನಷ್ಟವಿಲ್ಲ. ಇನ್ನೊಂದು ಆಕ್ಷೇಪ ನೌಕರರದ್ದೇ: ಇಷ್ಟು ಬಿಗಿಯಾಗಿ ಬರೆದರೆ ಸಂಬಂಧ ಕೆಡುತ್ತದೆ, ಮುಂದೆ ಅನುಭವ ಪತ್ರ ಬೇಕಾಗುತ್ತದೆ. ಧನ್ಯವಾದ ಹೇಳುವ ಪತ್ರದಲ್ಲಿಯೇ ದಿನಾಂಕಗಳನ್ನೂ ಹೇಳಬಹುದು. ಕಾನೂನು ಹೇಳಿದ್ದನ್ನೇ ನೆನಪಿಸುವ ವಾಕ್ಯದಲ್ಲಿ ಅವಮಾನವೇನೂ ಇಲ್ಲ. ಸಿಟ್ಟಿನಿಂದ ನೋಟಿಸ್ ಕೊಡದೆ ವಿಮಾನ ಹತ್ತುವುದು ನಿಜಕ್ಕೂ ಸಂಬಂಧ ಕೆಡಿಸುತ್ತದೆ. ಆಗ ನೋಟಿಸ್ ಅವಧಿಯ ಸಂಬಳವನ್ನು ನೌಕರರೇ ಕೊಡಬೇಕಾಗುತ್ತದೆ, ಕೆಲಸ ಬಿಟ್ಟು ಓಡಿಹೋದರೆಂಬ ದೂರೂ ದಾಖಲಾಗಬಹುದು.

ಹಣ ಬರದಿದ್ದರೆ ದೂರು ಕೊಡಲು ಯುಎಇಯ ಕಾರ್ಮಿಕ ಸಚಿವಾಲಯ ಇದೆಯಲ್ಲ ಎಂಬ ಮಾತೂ ಇದೆ. ಇದೆ ನಿಜ. 2024ರ ತಿದ್ದುಪಡಿಯ ನಂತರ ಕೆಲಸ ಮುಗಿದ ಎರಡು ವರ್ಷಗಳವರೆಗೆ ಹಕ್ಕು ಕೇಳಬಹುದು, 50,000 ದಿರ್ಹಮ್‌ವರೆಗಿನ ವ್ಯಾಜ್ಯವನ್ನು ಸಚಿವಾಲಯವೇ ತೀರ್ಮಾನಿಸಬಹುದು. ನಮ್ಮ ಲೆಕ್ಕದ 39,400 ಆ ಮಿತಿಯೊಳಗೇ ಬರುತ್ತದೆ. ಆದರೆ ಬಾಕಿ ಬಂದಿದೆ ಎಂಬ ಸ್ವಂತ ಸಹಿಯ ಎದುರು, ಕೈಯಲ್ಲಿ ಬೇರೆ ಬರಹವಿಲ್ಲದೆ, ಜೆ.ಪಿ. ನಗರದಲ್ಲಿ ಕುಳಿತು ಆ ವಾದ ನಡೆಸುವುದು ಬಹಳ ಕಷ್ಟ. ಮೂರು ದಿನಾಂಕಗಳಿರುವ ಪತ್ರವೂ ಕಂಪನಿಯೇ ಬರೆದುಕೊಟ್ಟ ಲೆಕ್ಕವೂ ಇದ್ದರೆ ಅದೇ ದೂರಿಗೆ ತೂಕ ಬರುತ್ತದೆ. ದೂರು ಕೊಡುವ ಸರಿಯಾದ ಸಮಯವೂ ಏಪ್ರಿಲ್ 15ರ ಬೆಳಿಗ್ಗೆ, ವೀಸಾ ಇನ್ನೂ ಚಾಲ್ತಿಯಲ್ಲಿರುವಾಗ. ಊರಿಗೆ ಬಂದಿಳಿದ ಮೇಲಲ್ಲ.

ಇಲ್ಲಿ ಮನೆಯವರ ಪಾತ್ರವೂ ಇದೆ. ಫ್ಲಾಟ್‌ನ ಕಂತಿಗೋ ತಂಗಿಯ ಮದುವೆಗೋ ದಿನಾಂಕ ಗೊತ್ತುಮಾಡಿ ‘ಬೇಗ ಬಾ’ ಎಂದು ಒತ್ತಾಯಿಸಿದಾಗ ಆ ಅವಸರವೇ ಖಾಲಿ ಕೈಯ ಸಹಿಗೆ ಕಾರಣವಾಗುತ್ತದೆ. ಟಿಕೆಟ್ ಕಾದಿರಿಸುವ ಮೊದಲು ಬಾಕಿ ಪಾವತಿಯ ಗಡುವು ಯಾವಾಗ ಎಂದು ಕೇಳಿಕೊಳ್ಳಬೇಕು. ದುಬೈಯ ಭಾರತೀಯ ಕಾನ್ಸುಲೇಟ್‌ನ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರ ಇಂಥ ವಿಷಯದಲ್ಲಿ ಸಲಹೆ ಕೊಡುತ್ತದೆ, ಅದನ್ನು ಬಳಸಿಕೊಳ್ಳಬೇಕು. ಕರ್ನಾಟಕದ ಅನಿವಾಸಿ ಭಾರತೀಯ ಸಮಿತಿಯು ಮೂರು ದಿನಾಂಕಗಳ ಮಾದರಿ ರಾಜೀನಾಮೆ ಪತ್ರವೊಂದನ್ನು ಕನ್ನಡ ವಿವರಣೆಯೊಂದಿಗೆ ಸಿದ್ಧಪಡಿಸಿ ಗಲ್ಫ್‌ಗೆ ಹೊರಡುವ ಪ್ರತಿಯೊಬ್ಬರ ಕೈಗೂ ಕೊಡಲಿ. ಖರ್ಚು ಒಂದು ಹಾಳೆಯದು, ಅದರಿಂದ ಉಳಿಯುವುದು ಆರು ವರ್ಷದ ದುಡಿಮೆಯ ಹಣ.