ಒಂದು ರೂಪಾಯಿ ಬಡ್ಡಿಯ ನಿಜವಾದ ದರವನ್ನು ಬೋರ್ಡಿನ ಮೇಲೆ ಬರೆಸಿ

ಇವರಿಗೆ,
ಪ್ರಾದೇಶಿಕ ನಿರ್ದೇಶಕರು,
ಭಾರತೀಯ ರಿಸರ್ವ್ ಬ್ಯಾಂಕ್,
ರಾಜಾಜಿ ಸಾಲೈ, ಚೆನ್ನೈ

ವಿಷಯ: ದ್ವಿಚಕ್ರ ವಾಹನ ಸಾಲಗಳಲ್ಲಿ ಫ್ಲ್ಯಾಟ್ ದರವನ್ನಷ್ಟೇ ಹೇಳಿ ನಿಜವಾದ ವಾರ್ಷಿಕ ದರವನ್ನು ಮರೆಮಾಡುತ್ತಿರುವ ಬಗ್ಗೆ

ಮಾನ್ಯರೇ,

ನಾನು ಪೂರ್ವ ತಾಂಬರಂನ ಸೇಲೈಯೂರಿನಲ್ಲಿ ವಾಸವಾಗಿದ್ದೇನೆ. ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮ ಕಡೆಯಿಂದ, ಅಂದರೆ ಕುಂದಾಪುರ, ಬೈಂದೂರಿನಿಂದ ಬಂದು ಇಲ್ಲಿನ ಹೋಟೆಲುಗಳಲ್ಲಿ ದುಡಿಯುವ ಹುಡುಗರು ಕಾಗದಪತ್ರ ಹಿಡಿದುಕೊಂಡು ನನ್ನ ಹತ್ತಿರ ಬರುವುದುಂಟು. ಅವರಲ್ಲೊಬ್ಬನ ಸಾಲದ ಲೆಕ್ಕವನ್ನು ತಮ್ಮ ಮುಂದಿಡುತ್ತಿದ್ದೇನೆ. ಕಂಪನಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಜಿಎಸ್‌ಟಿ ರಸ್ತೆಯ ಉದ್ದಕ್ಕೂ ಹಲವು ಶೋರೂಮುಗಳಲ್ಲಿ ಇದೇ ಮಾತು ಕೇಳುವಾಗ ಒಬ್ಬರನ್ನು ಹೆಸರಿಸಿ ದೂರುವುದು ನ್ಯಾಯವೆನಿಸಲಿಲ್ಲ.

ಹುಡುಗ ಇರುವುದು ಮುಡಿಚೂರಿನ ಬಾಡಿಗೆ ಕೋಣೆಯಲ್ಲಿ. ಬೆಳಗಿನ ಜಾವ ನಾಲ್ಕೂವರೆಗೆ ಅಡುಗೆಮನೆ ಸೇರಬೇಕು. ಆ ಹೊತ್ತಿಗೆ ಬಸ್ಸನ್ನು ನಂಬುವಂತಿಲ್ಲವಾದ್ದರಿಂದ 2024ರ ದೀಪಾವಳಿಗೆ ಸ್ಕೂಟರ್ ತೆಗೆದುಕೊಂಡ. ಒಂದು ಲಕ್ಷ ಸಾಲ, ಮೂವತ್ತಾರು ಕಂತು, ತಿಂಗಳಿಗೆ 3,778 ರೂಪಾಯಿ. ಸಂಬಳದ ಖಾತೆಯಿದ್ದ ಬ್ಯಾಂಕಿನಲ್ಲಿ ಮೊದಲು ವಿಚಾರಿಸಿದ್ದನಂತೆ, ಅಲ್ಲಿ ಶೇಕಡಾ 15 ಅಂದಿದ್ದಾರೆ. ಶೋರೂಮಿನ ಫೈನಾನ್ಸ್ ಕೌಂಟರಿನಲ್ಲಿ ಶೇಕಡಾ 12. ಇವನು 12 ಒಪ್ಪಿಕೊಂಡ. "ಒಂದೇ ರೂಪಾಯಿ ಬಡ್ಡಿ ಅಂದ್ರು ಸಾರ್. ಊರಲ್ಲಿ ಕೈಸಾಲಕ್ಕೂ ಅಷ್ಟೇ ಅಲ್ದಾ?" ಎಂದು ಕೇಳಿದ.

ಅಷ್ಟೇ ಅಲ್ಲ. ಊರಿನ ಕೈಸಾಲದಲ್ಲಿ ಅರ್ಧ ಅಸಲು ಕೊಟ್ಟರೆ ಮುಂದಿನ ತಿಂಗಳಿಂದ ಬಡ್ಡಿಯೂ ಅರ್ಧಕ್ಕೆ ಇಳಿಯುತ್ತದೆ. ಬಾಕಿ ಉಳಿದಷ್ಟಕ್ಕೇ ಬಡ್ಡಿ ಎಂಬುದನ್ನು ಅಲ್ಲಿ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಂಕು ಹೇಳಿದ ಶೇಕಡಾ 15 ಕೂಡ ಆ ಜಾತಿಯದೇ, ಇಳಿಕೆ ಬಾಕಿಯ ಮೇಲಿನ ಬಡ್ಡಿ. ಶೋರೂಮಿನ 12 ಫ್ಲ್ಯಾಟ್ ದರ. ಅದರಲ್ಲಿ ಮೊದಲ ದಿನದ ಪೂರ್ತಿ ಒಂದು ಲಕ್ಷಕ್ಕೆ ವರ್ಷಕ್ಕೆ 12,000ದಂತೆ ಮೂರು ವರ್ಷಕ್ಕೆ 36,000 ಬಡ್ಡಿ ಹಾಕಿ, ಅಸಲಿಗೆ ಸೇರಿಸಿ, 1,36,000ವನ್ನು ಮೂವತ್ತಾರರಿಂದ ಭಾಗಿಸುತ್ತಾರೆ. 3,778 ಬಂದದ್ದು ಹೀಗೆ.

ಈ ಲೆಕ್ಕದ ಪ್ರಕಾರ ಪ್ರತಿ ಕಂತಿನಲ್ಲಿ 2,778 ಅಸಲು, 1,000 ಬಡ್ಡಿ. ಮೊದಲ ತಿಂಗಳು ಒಂದು ಲಕ್ಷ ಬಾಕಿಯಿರುವಾಗ ಸಾವಿರ ರೂಪಾಯಿ ಬಡ್ಡಿ ಸರಿಯೇ. ಆದರೆ ಕೊನೆಯ ತಿಂಗಳನ್ನು ನೋಡಿ. ಆಗ ಹುಡುಗನ ಕೈಯಲ್ಲಿ ಉಳಿದಿರುವ ಕಂಪನಿಯ ಹಣ 2,778 ರೂಪಾಯಿ ಮಾತ್ರ. ಅದಕ್ಕೂ ಆ ಒಂದು ತಿಂಗಳ ಬಡ್ಡಿ 1,000. ಮೂರು ಕೋಣೆಯ ಮನೆ ಹಿಡಿದವನು ವರ್ಷಕ್ಕೊಂದು ಕೋಣೆ ಬಿಟ್ಟುಕೊಡುತ್ತಾ ಬಂದರೂ ಕೊನೆಯವರೆಗೆ ಪೂರ್ತಿ ಬಾಡಿಗೆ ತೆತ್ತಂತೆ ಇದು. ಮೂರು ವರ್ಷದ ಸರಾಸರಿ ತೆಗೆದರೆ ಅವನ ಬಳಿ ಇದ್ದ ಸಾಲ ಒಂದು ಲಕ್ಷದ ಅರ್ಧಕ್ಕಿಂತ ತುಸು ಹೆಚ್ಚು, ಬಡ್ಡಿ ಮಾತ್ರ ಇಡೀ ಲಕ್ಷದ್ದು. ಹಾಗಾಗಿಯೇ ಫ್ಲ್ಯಾಟ್ ದರದ ಹಿಂದಿರುವ ನಿಜವಾದ ದರ ಸುಮಾರಾಗಿ ಅದರ ಒಂದೂಮುಕ್ಕಾಲು ಪಟ್ಟಿನ ಆಸುಪಾಸಿಗೆ ಹೋಗುತ್ತದೆ. ಈ ಸಾಲದಲ್ಲಿ ಅದು ಶೇಕಡಾ 21.2.

ಫೋನಿನಲ್ಲಿ ಸ್ಪ್ರೆಡ್‌ಶೀಟ್ ಇದ್ದ ಯಾರು ಬೇಕಾದರೂ ಇದನ್ನು ಪರೀಕ್ಷಿಸಬಹುದು. ಕಂತುಗಳ ಸಂಖ್ಯೆ, ಕಂತಿನ ಮೊತ್ತ, ಸಾಲ, ಇಷ್ಟೇ ಸಾಕು:

```
=RATE(36,-3778,100000)*12
```

ಬ್ಯಾಂಕಿನ ಶೇಕಡಾ 15ರಲ್ಲಿ ಇದೇ ಸಾಲದ ಕಂತು 3,467 ಆಗುತ್ತಿತ್ತು, ಮೂರು ವರ್ಷದ ಬಡ್ಡಿ ಸುಮಾರು 24,800. ಹದಿನೈದಕ್ಕಿಂತ ಹನ್ನೆರಡು ಕಡಿಮೆ ಎಂದು ನಂಬಿದ್ದಕ್ಕೆ ಹುಡುಗ ಕೊಡುತ್ತಿರುವ ಬೆಲೆ 11,200 ರೂಪಾಯಿ. ನನ್ನ ದೂರಿನ ತಿರುಳು ಇದೇ. ಕಂಪನಿಗೆ ಶೇಕಡಾ 21 ಬಡ್ಡಿ ಬೇಕಿದ್ದರೆ ಕೇಳಲಿ. ವಾಹನ ಬಿಟ್ಟರೆ ಬೇರೆ ಅಡವಿಲ್ಲದ ದುಡಿಮೆಗಾರನಿಗೆ ಸಾಲ ಕೊಡುವುದರಲ್ಲಿ ಅಪಾಯವಿದೆ, ವಸೂಲಿಗೆ ಖರ್ಚಿದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಪ್ಪತ್ತೊಂದನ್ನು ಹನ್ನೆರಡು ಎಂದು ಹೇಳಿ ಹದಿನೈದರ ಪಕ್ಕದಲ್ಲಿ ನಿಲ್ಲಿಸಿದರೆ ಗ್ರಾಹಕ ಹೋಲಿಸಿ ನೋಡುವ ದಾರಿಯೇ ಮುಚ್ಚಿಹೋಗುತ್ತದೆ. ಎಚ್ಚರದಿಂದ ಎರಡು ಕಡೆ ವಿಚಾರಿಸಿದವನೇ ಇಲ್ಲಿ ಮೋಸಹೋದ.

ಇದರ ಮೇಲೆ ಪ್ರೊಸೆಸಿಂಗ್ ಶುಲ್ಕ, ದಾಖಲೆ ಶುಲ್ಕ ಎಂದು 3,000 ರೂಪಾಯಿಯನ್ನು ಡೌನ್ ಪೇಮೆಂಟಿನ ಜೊತೆಗೇ ಕಟ್ಟಿಸಿಕೊಂಡಿದ್ದಾರೆ. ಅಂದರೆ ಅವನಿಗೆ ನಿಜವಾಗಿ ದಕ್ಕಿದ ಸಾಲ 97,000. ಮೇಲಿನ ಸೂತ್ರದಲ್ಲಿ ಒಂದು ಲಕ್ಷದ ಜಾಗದಲ್ಲಿ ಅದನ್ನಿಟ್ಟರೆ ದರ ಶೇಕಡಾ 23.5 ಮುಟ್ಟುತ್ತದೆ.

ಈ ಸಂಗತಿ ಬಯಲಾದದ್ದು ಕಳೆದ ದೀಪಾವಳಿಗೆ. ಚೀಟಿ ಹಣ ಕೈಗೆ ಬಂತು, ಸಾಲ ತೀರಿಸಿಬಿಡೋಣ ಎಂದು ಹುಡುಗ ಹೊರಟ. ಹನ್ನೆರಡು ಕಂತು ಕಟ್ಟಿದ್ದ, ಒಟ್ಟು 45,336. ಇದರಲ್ಲಿ ವರ್ಷದ ಬಡ್ಡಿ 12,000 ಕಳೆದರೆ ಅಸಲಿಗೆ 33,000ದಷ್ಟು ಹೋಗಿರಬೇಕು, ಬಾಕಿ 66,700 ಇರಬೇಕು ಎಂಬುದು ಅವನ ಲೆಕ್ಕ. ಹೇಳಿದ ದರಕ್ಕೆ ಸರಿಯಾದ ಲೆಕ್ಕವೇ ಅದು. ಕಂಪನಿ ಕೊಟ್ಟ ಚೀಟಿಯಲ್ಲಿ ಬಾಕಿ ಅಸಲು 73,377 ಎಂದಿತ್ತು. ಅದಕ್ಕೆ ಶೇಕಡಾ 4 ಮುಂಗಡ ಮುಕ್ತಾಯ ಶುಲ್ಕ, ಆ ಶುಲ್ಕದ ಮೇಲೆ ಶೇಕಡಾ 18 ತೆರಿಗೆ, ಎಲ್ಲ ಸೇರಿ 76,840. ಕೇಳಿದರೆ, ಸಿಸ್ಟಮ್ ಹಾಗೇ ತೋರಿಸುತ್ತಿದೆ ಎಂಬ ಉತ್ತರ.

ಸಿಸ್ಟಮ್ ಹಾಗೆ ತೋರಿಸುವುದಕ್ಕೆ ಕಾರಣವಿದೆ. ಕೌಂಟರಿನಲ್ಲಿ ಹೇಳಿದ್ದು ಫ್ಲ್ಯಾಟ್ ದರವಾದರೂ ಕಂಪನಿಯ ಲೆಡ್ಜರಿನಲ್ಲಿ ಈ ಸಾಲ ಮೊದಲ ದಿನದಿಂದಲೂ ಇಳಿಕೆ ಬಾಕಿಯ ಮೇಲೆ ಶೇಕಡಾ 21.2ರಂತೆಯೇ ನಡೆದಿದೆ. ಮೊದಲ ಕಂತಿನಲ್ಲಿ ಬಡ್ಡಿಗೆ 1,767, ಅಸಲಿಗೆ ಬರೀ 2,011. ಆರಂಭದ ಕಂತುಗಳಲ್ಲಿ ಬಡ್ಡಿಯ ಪಾಲು ಕೊನೆಯ ಕಂತುಗಳಿಗಿಂತ ದೊಡ್ಡದಿರುವುದರಿಂದ ಒಂದು ವರ್ಷದಲ್ಲಿ ಅವನು ಕಟ್ಟಿದ ಬಡ್ಡಿ ಹನ್ನೆರಡು ಸಾವಿರವಲ್ಲ, ಸುಮಾರು 18,700. ನಿಜವಾದ ದರ ಕಂಪನಿಗೆ ಗೊತ್ತಿಲ್ಲದೆ ಇರಲಿಲ್ಲ. ಸಾಲ ಕೊಡುವಾಗ ಒಂದು ದರ, ಲೆಕ್ಕ ಬರೆಯುವಾಗ ಇನ್ನೊಂದು ದರ. ಬಡವನ ಮುಂದೆ ಹೀಗೆ ಎರಡು ಲೆಕ್ಕ ಇಡುವುದು ನನಗೆ ಸಹಿಸಲಾಗದ ಸಂಗತಿ.

ಸಾಲ ಪಡೆದವರೆಲ್ಲ ತಮ್ಮ ಸಾಲದ ಕಂತಿನ ಪಟ್ಟಿಯನ್ನು ಕೇಳಿ ಪಡೆದು ಅದರ ಮೊದಲ ಸಾಲನ್ನು ಓದಬೇಕು ಎಂದು ಈ ಬಹಿರಂಗ ಪತ್ರದ ಮೂಲಕವೇ ಹೇಳುತ್ತೇನೆ. ಮೊದಲ ತಿಂಗಳ ಬಡ್ಡಿಯನ್ನು ಹನ್ನೆರಡರಿಂದ ಗುಣಿಸಿ ಸಾಲದ ಮೊತ್ತದಿಂದ ಭಾಗಿಸಿದರೆ ನಿಜವಾದ ದರ ಸಿಗುತ್ತದೆ. 1,767ನ್ನು ಹನ್ನೆರಡರಿಂದ ಗುಣಿಸಿದರೆ 21,204, ಒಂದು ಲಕ್ಷಕ್ಕೆ ಶೇಕಡಾ 21.2. ಸಾಲ ಕೊಟ್ಟ ದಿನಕ್ಕೂ ಮೊದಲ ಕಂತಿಗೂ ಒಂದು ತಿಂಗಳಿಗಿಂತ ಹೆಚ್ಚು ಕಡಿಮೆ ಅಂತರವಿದ್ದರೆ ಆ ಸಾಲಿನ ಬಡ್ಡಿ ಏರುಪೇರಾಗಿರುತ್ತದೆ. ಆಗ ಎರಡನೆಯ ಸಾಲಿನ ಬಡ್ಡಿಯನ್ನೂ ಅದಕ್ಕೆ ಮುಂಚಿನ ಬಾಕಿಯನ್ನೂ ಹಿಡಿದು ಲೆಕ್ಕ ಹಾಕಿದರಾಯಿತು.

ಇಂಥ ಮರೆಮಾಚಿಕೆಯನ್ನು ತಡೆಯಲೆಂದೇ ತಮ್ಮ ಬ್ಯಾಂಕು 2024ರ ಏಪ್ರಿಲ್ 15ರಂದು ಸುತ್ತೋಲೆ ಹೊರಡಿಸಿತು. ಅದೇ ವರ್ಷದ ಅಕ್ಟೋಬರ್ 1ರಿಂದ ಮಂಜೂರಾಗುವ ಎಲ್ಲ ಹೊಸ ಚಿಲ್ಲರೆ ಸಾಲಗಳಿಗೆ ಪ್ರಮುಖ ಅಂಶಗಳ ಹೇಳಿಕೆ, ಅಂದರೆ ಕೆಎಫ್‌ಎಸ್ ಕಡ್ಡಾಯವಾಯಿತು. ಶುಲ್ಕಗಳನ್ನೆಲ್ಲ ಸೇರಿಸಿದ ವಾರ್ಷಿಕ ದರ, ಅದನ್ನು ಲೆಕ್ಕ ಹಾಕಿದ ವಿಧಾನ, ಕಂತಿನ ಪಟ್ಟಿ ಎಲ್ಲವೂ ಅದರಲ್ಲಿ ಇರಬೇಕು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ವಿವರಿಸಿ ಹೇಳಿ, ತಿಳಿಯಿತೆಂದು ಅವನಿಂದ ಒಪ್ಪಿಗೆ ಪಡೆಯಬೇಕು. ಏಳು ದಿನ ಅಥವಾ ಹೆಚ್ಚಿನ ಅವಧಿಯ ಸಾಲವಾದರೆ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನಗಳ ಕಾಲಾವಕಾಶವೂ ಇರಬೇಕು. ಒಳ್ಳೆಯ ಸುತ್ತೋಲೆ. ಆದರೆ ತಾಂಬರಂನ ಶೋರೂಮಿನಲ್ಲಿ ನಡೆದದ್ದೇನು? ಟ್ಯಾಬ್ಲೆಟ್ ಮೇಲೆ ಬೆರಳಾಡಿಸಿದರು, ಒಟಿಪಿ ಕೇಳಿದರು, ಹುಡುಗ ಹೇಳಿದ. ಕೆಎಫ್‌ಎಸ್ ಬಂದದ್ದು ಆಮೇಲೆ, ಮೆಸೇಜಿನ ಲಿಂಕಿನಲ್ಲಿ, ಇಂಗ್ಲಿಷಿನಲ್ಲಿ. ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವನು ಅವನು. ತಮಿಳು ಮಾತಾಡುತ್ತಾನೆ, ಓದಲು ಬಾರದು. ಲಿಂಕನ್ನು ತೆರೆದದ್ದೇ ಮೊನ್ನೆ, ನನ್ನ ಮುಂದೆ. ಅಲ್ಲಿ ವಾರ್ಷಿಕ ದರದ ಕಾಲಂನಲ್ಲಿ ಶೇಕಡಾ 23.5 ಎಂದು ಸ್ಪಷ್ಟವಾಗಿಯೇ ಬರೆದಿತ್ತು. ಕಾಗದದ ಮೇಲೆ ಕಂಪನಿ ನಿಯಮ ಪಾಲಿಸಿದೆ, ಗ್ರಾಹಕನ ಕಿವಿಗೆ ಬಿದ್ದದ್ದು ಮಾತ್ರ ಹನ್ನೆರಡು.

ಕಂಪನಿಗೆ ಲಿಖಿತ ದೂರು ಕೊಡಿಸಿದ್ದೇನೆ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ cms.rbi.org.in ಮೂಲಕ ಒಂಬುಡ್ಸ್‌ಮನ್ ಮುಂದೆ ಹೋಗುತ್ತೇವೆ. ಬಡ್ಡಿ ದರ ಎಷ್ಟಿರಬೇಕೆಂಬುದು ಕಂಪನಿಯ ವ್ಯವಹಾರದ ತೀರ್ಮಾನವಾದ್ದರಿಂದ ಅಲ್ಲಿ ದರ ಇಳಿಸಿ ಎಂದು ಕೇಳುವುದರಲ್ಲಿ ಅರ್ಥವಿಲ್ಲ ಎಂಬುದು ನನಗೆ ಗೊತ್ತು. ತಿಳಿಯುವ ಭಾಷೆಯಲ್ಲಿ, ಒಪ್ಪಿಗೆಗೆ ಮೊದಲು ವಿವರ ಕೊಡಲಿಲ್ಲ ಎಂಬುದೇ ನಮ್ಮ ದೂರು.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಬೋರ್ಡು, ಕರಪತ್ರ, ಕೊಟೇಶನ್ ಯಾವುದರಲ್ಲೇ ಆಗಲಿ, ಫ್ಲ್ಯಾಟ್ ದರವನ್ನು ಒಂಟಿಯಾಗಿ ಬರೆಯಲು ಬಿಡಬೇಡಿ. ವಾರ್ಷಿಕ ದರ ಅದರ ಪಕ್ಕದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಇರಲಿ. ಅಮೆರಿಕದಲ್ಲಿ 1968ರ ಕಾನೂನೇ ಸಾಲ ಕೊಡುವವರು ವಾರ್ಷಿಕ ದರ ತಿಳಿಸಬೇಕೆಂದು ವಿಧಿಸಿತು, ಹಾಗಾಗಿ ನಾನು ಕೇಳುತ್ತಿರುವುದು ಹೊಸದೇನಲ್ಲ. ಕೆಎಫ್‌ಎಸ್‌ನ ಮೊದಲ ಪುಟ ಸಾಲಗಾರ ಆರಿಸಿದ ಭಾಷೆಯಲ್ಲಿ ಮುದ್ರಿತವಾಗಿ ಅವನ ಕೈಗೆ ಬಂದ ಮೇಲಷ್ಟೇ ಒಟಿಪಿ ಕೇಳುವಂತಾಗಲಿ. ಈ ಊರಿನಲ್ಲಿ ತಮಿಳು ಮೊದಲು, ಸರಿ. ಆದರೆ ಕನ್ನಡ, ತೆಲುಗು, ಹಿಂದಿ, ಒಡಿಯಾ ಓದುವ ಕೂಲಿಕಾರರೂ ಇಲ್ಲೇ ಸಾಲ ಮಾಡುತ್ತಾರೆ. ಮತ್ತೆ, ತಮ್ಮ ಅಧಿಕಾರಿಯೊಬ್ಬರು ಸಾಮಾನ್ಯ ಗ್ರಾಹಕರಂತೆ ಒಂದು ಶನಿವಾರ ಸಂಜೆ ಜಿಎಸ್‌ಟಿ ರಸ್ತೆಯ ಯಾವುದಾದರೂ ನಾಲ್ಕು ಕೌಂಟರಿಗೆ ಹೋಗಿ "ಬಡ್ಡಿ ಎಷ್ಟು?" ಎಂದು ಕೇಳಿ, ಬಂದ ಉತ್ತರವನ್ನು ಆಯಾ ಕಂಪನಿಯ ಕೆಎಫ್‌ಎಸ್ ಜೊತೆ ಇಟ್ಟು ನೋಡುವಂತೆ ಆದೇಶಿಸಬೇಕೆಂದು ಬೇಡುತ್ತೇನೆ. ಹುಡುಗನ ಕಂತಿನ ಪಟ್ಟಿ, ಮುಕ್ತಾಯದ ಚೀಟಿ ಮತ್ತು ಕೆಎಫ್‌ಎಸ್‌ನ ಪ್ರತಿಗಳನ್ನು ಅವನ ಒಪ್ಪಿಗೆ ಪಡೆದು ತಮ್ಮ ಕಚೇರಿಗೆ ಪ್ರತ್ಯೇಕವಾಗಿ ಕಳುಹಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಸೇಲೈಯೂರಿನ ನಿವಾಸಿ,
ಪೂರ್ವ ತಾಂಬರಂ, ಚೆನ್ನೈ