ವೆಚ್ಚಪಟ್ಟಿಗಿಂತ ಮೊದಲು ಮಿಲ್ಲಿನ ಮೂರು ದಾಸ್ತಾನು

ನನ್ನ ಬೋಧನಾ ವಿಷಯ ಗಣಿತ. ಬೋಧನಾಭ್ಯಾಸದ ಅವಧಿಯಲ್ಲಿ ವಾಣಿಜ್ಯ ವಿಭಾಗದ ಸಹಪಾಠಿಯೊಬ್ಬರ ಪಾಠಕ್ಕೆ ವೀಕ್ಷಕನಾಗಿ ಕುಳಿತಿದ್ದೆ. ಪಾಠ, ತಯಾರಾದ ಸರಕಿನ ವೆಚ್ಚಪಟ್ಟಿ. ನಮೂನೆ ಕಪ್ಪುಹಲಗೆಯ ಮೇಲೆ ಅಚ್ಚುಕಟ್ಟಾಗಿ ಬಂತು, ಮಕ್ಕಳು ಬರೆದುಕೊಂಡರು. ಆದರೆ ಲೆಕ್ಕ ಕೊಟ್ಟಾಗ ಹಲವರು ಸಿದ್ಧ ಸರಕಿನ ದಾಸ್ತಾನನ್ನೂ ಅದೇ ಪಟ್ಟಿಗೆ ಸೇರಿಸಿಬಿಟ್ಟರು. ತಪ್ಪು ಮಕ್ಕಳದಲ್ಲ. ನಾವು ಪಟ್ಟಿಯನ್ನು ಕಲಿಸುತ್ತೇವೆ, ಸರಕು ಸಾಗುವ ದಾರಿಯನ್ನು ಕಲಿಸುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಆ ದಾರಿ ನಮ್ಮ ಕಡೆಯ ಮಕ್ಕಳಿಗೆ ಹೊಸದಲ್ಲ. ಪಾವಗಡ, ಮಧುಗಿರಿ, ಶಿರಾ ಸೀಮೆಯ ಮಳೆಯಾಶ್ರಿತ ಹೊಲಗಳಲ್ಲಿ ಕಡಲೆಕಾಯಿ ಬೆಳೆಯುತ್ತಾರೆ. ಎಣ್ಣೆ ಮಿಲ್ಲಿನಲ್ಲಿ ಅದು ಮೂರು ಕಡೆ ನಿಲ್ಲುತ್ತದೆ. ಗೋದಾಮಿನಲ್ಲಿರುವ ಚೀಲಗಳು ಕಚ್ಚಾ ಸಾಮಗ್ರಿ. ಸಿಪ್ಪೆ ಬಿಡಿಸಿಟ್ಟ ಬೀಜ ಮತ್ತು ಗಸಿ ಇಳಿಯಲೆಂದು ತೊಟ್ಟಿಯಲ್ಲಿ ನಿಂತ ಎಣ್ಣೆ ಅರೆಸಿದ್ಧ ಸರಕು. ಸೋಸಿ ಡಬ್ಬಕ್ಕೆ ತುಂಬಿದ ಎಣ್ಣೆ ಸಿದ್ಧ ಸರಕು. ಮೂರೂ ಕಡೆ ಸಮೀಕರಣ ಒಂದೇ: ಮೊದಲಿದ್ದದ್ದು, ಅದಕ್ಕೆ ಒಳಬಂದದ್ದು ಕೂಡಿ, ಕೊನೆಗೆ ಉಳಿದದ್ದು ಕಳೆದರೆ, ಹೊರಹೋದದ್ದು. ಒಂದು ಕೋಣೆಯಿಂದ ಹೊರಹೋದದ್ದೇ ಮುಂದಿನ ಕೋಣೆಗೆ ಒಳಬರುತ್ತದೆ.

ತರಗತಿಗೆಂದು ನಾನು ಕಟ್ಟಿಕೊಂಡ ಒಂದು ತಿಂಗಳ ಲೆಕ್ಕವಿದು. ಗೋದಾಮಿನಲ್ಲಿ ತಿಂಗಳ ಮೊದಲು 2,00,000 ರೂಪಾಯಿಯ ಕಾಯಿ ಇತ್ತು. ಸಾಗಣೆ ಸೇರಿ 9,20,000ಕ್ಕೆ ಕೊಂಡರು, ಕೊನೆಗೆ 3,20,000 ಉಳಿಯಿತು. ಅಂದರೆ ಬಳಸಿದ್ದು 8,00,000. ಕೊಯ್ಲಿನ ಕಾಲದಲ್ಲಿ ಮಿಲ್ಲಿನವರು ಹೆಚ್ಚು ಕೊಂಡಿಡುತ್ತಾರೆ. ಹಾಗಾಗಿ ಕೊಂಡದ್ದೇ ಬಳಸಿದ್ದು ಎಂದು ಹಿಡಿದರೆ ಆ ತಿಂಗಳ ಲೆಕ್ಕ ಕೆಟ್ಟಂತೆಯೇ.

ಎರಡನೆಯ ಕೋಣೆಯ ಪಟ್ಟಿ ಹೀಗಿರುತ್ತದೆ:

ಬಳಸಿದ ಕಡಲೆಕಾಯಿ: 8,00,000
ಮಿಲ್ಲಿನ ಕೂಲಿ: 60,000
ವಿದ್ಯುತ್, ದುರಸ್ತಿ, ಯಂತ್ರದ ಸವಕಳಿ: 90,000
ಈ ತಿಂಗಳ ಒಟ್ಟು ವೆಚ್ಚ: 9,50,000
ಕೂಡಿ, ಆರಂಭದ ಅರೆಸಿದ್ಧ ಸರಕು: 70,000
ಕಳೆ, ಕೊನೆಯ ಅರೆಸಿದ್ಧ ಸರಕು: 1,20,000
ಕಳೆ, ಬಂದ ಹಿಂಡಿಯ ಮಾರಾಟ ಮೌಲ್ಯ: 2,00,000
ತಯಾರಾದ ಎಣ್ಣೆಯ ವೆಚ್ಚ: 7,00,000

ಇಲ್ಲಿಗೆ ಈ ಪಟ್ಟಿ ಮುಗಿಯಿತು. ಡಬ್ಬದ ಎಣ್ಣೆಯ ದಾಸ್ತಾನು ಮೂರನೆಯ ಕೋಣೆಯದು. ಅಲ್ಲಿ ಮೊದಲು 1,00,000 ಇದ್ದು ಕೊನೆಗೆ 1,50,000 ಉಳಿದರೆ, ಮಾರಿದ ಎಣ್ಣೆಯ ವೆಚ್ಚ 6,50,000. ಅಂಗಡಿಯ ಬಾಡಿಗೆ, ದಲ್ಲಾಳಿಯ ಕಮಿಷನ್ ಈ ಕೋಣೆಯನ್ನೂ ದಾಟಿದ ಮೇಲಿನ ಖರ್ಚುಗಳು. ಅವು ಮೇಲಿನ ಪಟ್ಟಿಗೆ ಬರಬಾರದು.

ಮಕ್ಕಳು ಹೆಚ್ಚಾಗಿ ಎಡವುವುದು ನಡುವಿನ ಕೋಣೆಯಲ್ಲಿ. ಈ ತಿಂಗಳು ಖರ್ಚಾದದ್ದು ಬೇರೆ, ಈ ತಿಂಗಳು ತಯಾರಾಗಿ ಮುಗಿದದ್ದರ ವೆಚ್ಚ ಬೇರೆ. ತಯಾರಾದ ಎಣ್ಣೆ 4,000 ಕಿಲೋ ಎನ್ನೋಣ. ಸರಿಯಾದ ಲೆಕ್ಕದಲ್ಲಿ ಕಿಲೋಗೆ 175 ರೂಪಾಯಿ ಬೀಳುತ್ತದೆ. ಅರೆಸಿದ್ಧ ಸರಕಿನ ಎರಡು ಸಾಲುಗಳನ್ನು ಬಿಟ್ಟರೆ ವೆಚ್ಚ 7,50,000 ಆಗಿ, ಕಿಲೋಗೆ 187.50 ಎಂದು ತೋರುತ್ತದೆ. ಮಿಲ್ಲಿನವರು 182ಕ್ಕೆ ಮಾರುತ್ತಿದ್ದರೆ, ಲಾಭದ ವ್ಯಾಪಾರವನ್ನು ನಷ್ಟವೆಂದು ತಿಳಿದು ಬೆಲೆ ಏರಿಸಿಯಾರು, ಇಲ್ಲವೇ ಮಿಲ್ಲು ನಿಲ್ಲಿಸಿಯಾರು. ಎರಡು ಸಾಲಿಗೆ ಇಷ್ಟು ಬೆಲೆಯಿದೆ.

ಈ ಸಾಲುಗಳಲ್ಲಿ ಅಂದಾಜೂ ಇದೆ ಎಂಬುದನ್ನು ಮರೆಮಾಚಬಾರದು. ಬಿಡಿಸಿಟ್ಟ ಬೀಜದಲ್ಲಿ ಕಾಯಿಯ ಪೂರ್ತಿ ಬೆಲೆ ಸೇರಿದೆ, ಆದರೆ ಕೂಲಿ, ವಿದ್ಯುತ್ ಸ್ವಲ್ಪವೇ ಸೇರಿದೆ. ತೊಟ್ಟಿಯ ಎಣ್ಣೆಯಲ್ಲಿ ಬಹುಪಾಲು ಎಲ್ಲವೂ ಸೇರಿದೆ. ಕೊನೆಯ ಅರೆಸಿದ್ಧ ಸರಕನ್ನು 20,000 ಹೆಚ್ಚಿಗೆ ಬೆಲೆಕಟ್ಟಿದರೆ ಈ ತಿಂಗಳ ವೆಚ್ಚ ಅಷ್ಟು ಕಡಿಮೆಯಾಗುತ್ತದೆ. ಅದೇ ಮೊತ್ತ ಮುಂದಿನ ತಿಂಗಳ ಆರಂಭದ ಸಾಲಾಗಿ ಬಂದು ಆ ತಿಂಗಳ ವೆಚ್ಚವನ್ನು ಅಷ್ಟೇ ಏರಿಸುತ್ತದೆ. ಒಂದು ತಿಂಗಳು ಭಾರಿ ಲಾಭ, ಮರುತಿಂಗಳು ಕಾರಣವಿಲ್ಲದ ಕುಸಿತ ಕಂಡರೆ ಮೊದಲು ನೋಡಬೇಕಾದದ್ದು ಈ ಸಾಲನ್ನು. ತೂಕದಿಂದಲೂ ತಾಳೆ ನೋಡಬಹುದು. ಗಾಣಕ್ಕೆ ಹಾಕಿದ ಬೀಜದ ತೂಕ, ಎಣ್ಣೆ, ಹಿಂಡಿ ಮತ್ತು ತುಸು ನಷ್ಟದ ತೂಕಕ್ಕೆ ಸರಿಹೊಂದಬೇಕು. ಹೊಂದದಿದ್ದರೆ ದಾಸ್ತಾನಿನ ಎಣಿಕೆಯಲ್ಲೇ ದೋಷವಿದೆ.

ಆದ್ದರಿಂದ ಪಾಠಯೋಜನೆಯ ಕ್ರಮ ಬದಲಾಗಲಿ. ಮೊದಲ ಅವಧಿಯಲ್ಲಿ ನಮೂನೆ ಬೇಡ. ಹಲಗೆಯ ಮೇಲೆ ಮೂರು ಚೌಕ ಬರೆದು, ಪ್ರತಿ ಖರ್ಚು ಯಾವ ಚೌಕಕ್ಕೆ ಹೋಗುತ್ತದೆಂದು ಮಕ್ಕಳೇ ಹೇಳಲಿ. ಹಿಂಡಿಯನ್ನು ಏಕೆ ಕಳೆಯಬೇಕೆಂದು ವಾದಿಸಲಿ. ನಮೂನೆ ಎರಡನೆಯ ಅವಧಿಗೆ ಬರಲಿ. ಇದಕ್ಕೆ ಒಂದು ಅವಧಿ ಹೆಚ್ಚು ಬೇಕೆಂಬ ಆಕ್ಷೇಪ ನಿಜ. ಆದರೆ ಸಿದ್ಧ ಸರಕನ್ನು ತಪ್ಪು ಪಟ್ಟಿಗೆ ಸೇರಿಸಿದ ಪುಸ್ತಕಗಳನ್ನು ತಿದ್ದಿ, ಮತ್ತೆ ಪಾಠ ಮಾಡಲು ನನ್ನ ಸಹಪಾಠಿಗೆ ಎರಡು ಅವಧಿ ಹಿಡಿಯಿತು.