ವಿಲೀನದ ಲೆಕ್ಕದಲ್ಲಿ ಬಿಟ್ಟುಹೋಗುವ ಒಂದು ಗುಣಾಕಾರ

ಅಂಜನಾಪುರದ ಒಂದು ಕಾಲೇಜಿನಲ್ಲಿ ನಮ್ಮ ಶಿಕ್ಷಣಾರ್ಥಿಯೊಬ್ಬರ ಅಭ್ಯಾಸ ಬೋಧನೆಯನ್ನು ಅವಲೋಕಿಸುತ್ತ ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಬಿ.ಕಾಂ. ಅಂತಿಮ ವರ್ಷದ ತರಗತಿ, ಪಾಠ ಕಂಪನಿಗಳ ವಿಲೀನ. ಶಿಕ್ಷಣಾರ್ಥಿ ಷೇರು ವಿನಿಮಯ ಅನುಪಾತ ಹಾಕಿ, ವಿಲೀನದ ನಂತರದ ಪ್ರತಿ ಷೇರು ಗಳಿಕೆಯನ್ನು, ಅಂದರೆ ಇ.ಪಿ.ಎಸ್. ಅನ್ನು ತಪ್ಪಿಲ್ಲದೆ ಕಂಡುಹಿಡಿದರು. ‘ಇ.ಪಿ.ಎಸ್. ಏರಿದೆ, ಆದ್ದರಿಂದ ವಿಲೀನ ಲಾಭದಾಯಕ’ ಎಂದು ಬರೆದು ಅಡಿಗೆರೆ ಎಳೆದರು. ಆಗ ಒಬ್ಬ ಹುಡುಗಿ ‘ಯಾರಿಗೆ ಲಾಭ, ಮೇಡಂ?’ ಎಂದಳು. ‘ಕಂಪನಿಗೆ’ ಎಂಬ ಉತ್ತರ ಬಂತು. ಪಾಠ ಮುಗಿಯಿತು.

ನನ್ನ ತಕರಾರು ಆ ಉತ್ತರದ ಮೇಲೆ. ಈ ಲೆಕ್ಕವನ್ನು ನಾವು ಕೊಳ್ಳುವ ಕಂಪನಿಯ ಕಡೆಯಿಂದ ಮಾತ್ರ ಮಾಡಿಸಿ ನಿಲ್ಲಿಸುತ್ತೇವೆ. ಇನ್ನೊಂದು ಕಡೆಯಿಂದ ನೋಡಲು ಒಂದೇ ಒಂದು ಗುಣಾಕಾರ ಸಾಕು. ಅದನ್ನು ಬಿಟ್ಟರೆ ಉತ್ತರದ ಅರ್ಧ ಭಾಗವೇ ಬಿಟ್ಟುಹೋಗುತ್ತದೆ.

ಇದಕ್ಕೆ ‘ಎ’ ಕಂಪನಿ, ‘ಬಿ’ ಕಂಪನಿ ಎಂಬ ಕಲ್ಪಿತ ಉದಾಹರಣೆ ಬೇಕಿಲ್ಲ. 1999ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಂಡ್‌ಟ್ರೀ, ಎಲ್‌ಟಿಐ ಜೊತೆ ಸೇರುವುದಾಗಿ 2022ರ ಮೇ ತಿಂಗಳಲ್ಲಿ ಪ್ರಕಟವಾಯಿತು. ನವೆಂಬರ್‌ನಲ್ಲಿ ವಿಲೀನ ಜಾರಿಗೆ ಬಂತು. ಮೈಂಡ್‌ಟ್ರೀಯ ಪ್ರತಿ 100 ಷೇರಿಗೆ ಎಲ್‌ಟಿಐನ 73 ಷೇರು ಎಂಬುದು ವಿನಿಮಯ ಅನುಪಾತ. ಮೈಸೂರು ರಸ್ತೆಯಲ್ಲಿ ಓಡಾಡುವ ಮಕ್ಕಳಿಗೆ ಹೆಸರು ಪರಿಚಿತವಾದ್ದರಿಂದ ಲೆಕ್ಕದಲ್ಲಿ ಆಸಕ್ತಿಯೂ ಹುಟ್ಟುತ್ತದೆ.

2021–22ರ ಅಂಕಿಗಳನ್ನು ದುಂಡಾಗಿ ತೆಗೆದುಕೊಳ್ಳೋಣ. ಎಲ್‌ಟಿಐನ ನಿವ್ವಳ ಲಾಭ ಸುಮಾರು ₹2,299 ಕೋಟಿ, ಷೇರುಗಳು 17.53 ಕೋಟಿ, ಇ.ಪಿ.ಎಸ್. ಸುಮಾರು ₹131.1. ಮೈಂಡ್‌ಟ್ರೀಯ ಲಾಭ ಸುಮಾರು ₹1,653 ಕೋಟಿ, ಷೇರುಗಳು 16.48 ಕೋಟಿ, ಇ.ಪಿ.ಎಸ್. ₹100.3. ಮೈಂಡ್‌ಟ್ರೀಯ ಷೇರುದಾರರಿಗೆ ಕೊಡಬೇಕಾದ ಹೊಸ ಷೇರುಗಳು 16.48ರ 0.73ರಷ್ಟು, ಅಂದರೆ 12.03 ಕೋಟಿ. (ಇಲ್ಲಿ ಗುಣಿಸುವ ಬದಲು ಭಾಗಿಸುವವರು ಪ್ರತಿ ತರಗತಿಯಲ್ಲೂ ಇಬ್ಬರು ಮೂವರು ಸಿಗುತ್ತಾರೆ. ಹೊಸ ಷೇರು ಹಳೆಯದಕ್ಕಿಂತ ಹೆಚ್ಚು ಬಂದರೆ, ನೂರು ಕೊಟ್ಟವನಿಗೆ ನೂರಕ್ಕಿಂತ ಹೆಚ್ಚು ಸಿಕ್ಕಿತೇ ಎಂದು ಕೇಳಿದರೆ ತಪ್ಪು ಅವರಿಗೇ ಕಾಣುತ್ತದೆ.) ಒಟ್ಟು ಲಾಭ ₹3,952 ಕೋಟಿಯನ್ನು ಒಟ್ಟು 29.56 ಕೋಟಿ ಷೇರುಗಳಿಂದ ಭಾಗಿಸಿದರೆ ಇ.ಪಿ.ಎಸ್. ₹133.7.

131.1 ಇದ್ದದ್ದು 133.7 ಆಯಿತು. ಕೊಳ್ಳುವ ಕಂಪನಿಯ ಷೇರುದಾರನಿಗೆ ಇದು ಏರಿಕೆ. ನಮ್ಮ ಶಿಕ್ಷಣಾರ್ಥಿ ಅಡಿಗೆರೆ ಎಳೆದದ್ದು ಇಂಥದೇ ಹಂತದಲ್ಲಿ.

ಈಗ ಆ ಗುಣಾಕಾರ. ಮೈಂಡ್‌ಟ್ರೀಯ ಒಂದು ಷೇರು ಇದ್ದವನ ಕೈಯಲ್ಲಿ ಈಗ ಇರುವುದು 0.73 ಷೇರು. 133.7ನ್ನು 0.73ರಿಂದ ಗುಣಿಸಿದರೆ ₹97.6. ಅವನಿಗೆ ಮೊದಲು ಇದ್ದದ್ದು ₹100.3. ಇಲ್ಲಿ ಇಳಿಕೆಯಾಗಿದೆ. ಎರಡೂ ಕಡೆಯ ವ್ಯತ್ಯಾಸವನ್ನು ಆಯಾ ಕಂಪನಿಯ ಹಳೆಯ ಷೇರುಗಳಿಂದ ಗುಣಿಸಿ ನೋಡಲು ಮಕ್ಕಳಿಗೆ ಹೇಳಿ. ಅಲ್ಲಿ ಏರಿದ್ದೂ ಇಲ್ಲಿ ಇಳಿದದ್ದೂ ಸುಮಾರು ₹45 ಕೋಟಿಯೇ. ವಿಲೀನವೆಂಬ ಕಾಗದದ ಕ್ರಿಯೆ ಒಂದು ರೂಪಾಯಿ ಲಾಭವನ್ನೂ ಹೊಸದಾಗಿ ಹುಟ್ಟಿಸಿಲ್ಲ. ಇದ್ದ ಲಾಭದ ಪಾಲು ಬದಲಾಗಿದೆ, ಅಷ್ಟೆ.

ಯಾವ ಅನುಪಾತದಲ್ಲಿ ಪಾಲು ಬದಲಾಗುತ್ತಿರಲಿಲ್ಲ? ಎರಡು ಇ.ಪಿ.ಎಸ್.ಗಳ ಅನುಪಾತದಲ್ಲಿ: 100.3ನ್ನು 131.1ರಿಂದ ಭಾಗಿಸಿದರೆ 0.765. ನೂರಕ್ಕೆ 76.5 ಷೇರು ಕೊಟ್ಟಿದ್ದರೆ ಎರಡೂ ಕಡೆ ಇ.ಪಿ.ಎಸ್. ಇದ್ದಷ್ಟೇ ಇರುತ್ತಿತ್ತು. ಅದಕ್ಕಿಂತ ಕಡಿಮೆ ಕೊಟ್ಟರೆ ಕೊಳ್ಳುವವನಿಗೆ ಏರಿಕೆ, ಹೆಚ್ಚು ಕೊಟ್ಟರೆ ಇಳಿಕೆ. ಹಾಗಾಗಿ ಏರಿಕೆಯೋ ಇಳಿಕೆಯೋ ಎಂಬುದನ್ನು ಪೂರ್ತಿ ಲೆಕ್ಕ ಮಾಡುವ ಮೊದಲೇ ಹೇಳಬಹುದು.

ಹಾಗಾದರೆ ಮೈಂಡ್‌ಟ್ರೀಯವರಿಗೆ ಅನ್ಯಾಯವಾಯಿತೆಂದು ತೀರ್ಪು ಕೊಡಬಹುದೇ? ಕೊಡಲಾಗದು. ವಿನಿಮಯ ಅನುಪಾತವನ್ನು ಒಂದು ವರ್ಷದ ಇ.ಪಿ.ಎಸ್. ನೋಡಿ ನಿಗದಿ ಮಾಡುವುದಿಲ್ಲ. ಮಾರುಕಟ್ಟೆ ಬೆಲೆ, ಮುಂದಿನ ಗಳಿಕೆಯ ನಿರೀಕ್ಷೆ ಎಲ್ಲ ಅದರಲ್ಲಿ ಸೇರುತ್ತವೆ. ಬೆಲೆಯನ್ನೇ ಆಧಾರವಾಗಿಟ್ಟರೆ, ಒಂದು ರೂಪಾಯಿ ಗಳಿಕೆಗೆ ಮಾರುಕಟ್ಟೆ ಹೆಚ್ಚು ಬೆಲೆ ಕೊಡುವ ಕಂಪನಿ ಕಡಿಮೆ ಬೆಲೆಯದನ್ನು ಕೊಂಡಾಗ ಇ.ಪಿ.ಎಸ್. ತಾನಾಗಿ ಏರುತ್ತದೆ. ಅದು ಅಂಕಗಣಿತ. ಕೊಂಡದ್ದು ಜಾಣತನವೇ ಎಂಬುದನ್ನು ಅದು ಹೇಳುವುದಿಲ್ಲ.

ಕೇಳಬೇಕಾದ ಪ್ರಶ್ನೆ ಬೇರೆ: ಇಳಿಕೆ ತುಂಬಲು ಎಷ್ಟು ಹೆಚ್ಚುವರಿ ಲಾಭ ಬೇಕು? 100.3ನ್ನು 0.73ರಿಂದ ಭಾಗಿಸಿದರೆ ₹137.4. ಅಷ್ಟು ಇ.ಪಿ.ಎಸ್. ಬರಲು 29.56 ಕೋಟಿ ಷೇರಿಗೆ ಸುಮಾರು ₹4,062 ಕೋಟಿ ಲಾಭವಿರಬೇಕು. ಅಂದರೆ ಇಬ್ಬರೂ ಕೂಡಿದ್ದರಿಂದ ವರ್ಷಕ್ಕೆ ಸುಮಾರು ₹110 ಕೋಟಿ ಹೊಸದಾಗಿ ಹುಟ್ಟಬೇಕು. ಅದು ಖರ್ಚು ಉಳಿಸಿ ಬರುತ್ತದೋ ಹೊಸ ಗ್ರಾಹಕರಿಂದ ಬರುತ್ತದೋ ಎಂಬ ಚರ್ಚೆಗೆ ತರಗತಿಯ ಕೊನೆಯ ಹತ್ತು ನಿಮಿಷ ಮೀಸಲಿಡಬಹುದು.

ಆ ಶಿಕ್ಷಣಾರ್ಥಿಯ ಅವಲೋಕನ ಪತ್ರಿಕೆಯಲ್ಲಿ ವಿಷಯ ಜ್ಞಾನಕ್ಕೆ ಪೂರ್ಣ ಅಂಕ ಕೊಟ್ಟೆ. ಸಲಹೆಯ ಅಂಕಣದಲ್ಲಿ ಆ ಹುಡುಗಿಯ ಪ್ರಶ್ನೆಯನ್ನು ಹಾಗೆಯೇ ಬರೆದು, ಮುಂದಿನ ಪಾಠಯೋಜನೆಯನ್ನು ಅದರಿಂದಲೇ ಆರಂಭಿಸಲು ಹೇಳಿದೆ.